ಹಳ್ಳಿ ಡಾಕ್ಟರು ಬರೆದಿಟ್ಟು ಹೋಗುವ ಕಾಗದ

ಹಳ್ಳಿಯಲ್ಲಿ ಇಪ್ಪತ್ತು ಮೂವತ್ತು ವರ್ಷ ಕ್ಲಿನಿಕ್ ನಡೆಸಿದ ವೈದ್ಯರು ನಿವೃತ್ತರಾಗುವಾಗ, ತಮ್ಮ ಜಾಗಕ್ಕೆ ಬರುವವರಿಗೆ ದೀರ್ಘಕಾಲದ ರೋಗಿಗಳ ಬಗ್ಗೆ ಬರೆದಿಡುವ ಟಿಪ್ಪಣಿಯೇ ಹಸ್ತಾಂತರ ಪತ್ರ. ಕೆಮ್ಮು, ನೆಗಡಿ, ಜ್ವರಕ್ಕೆ ಬಂದುಹೋಗುವವರು ಇದರಲ್ಲಿ ಸೇರುವುದಿಲ್ಲ. ತಿಂಗಳು ತಿಂಗಳು ಬರಲೇಬೇಕಾದವರು, ಮಾತ್ರೆ ನಿಂತರೆ ಕೆಡುವವರು, ಒಂದು ಮಾತ್ರೆ ಜಾಸ್ತಿಯಾದರೂ ಕೆಡುವವರು ಮಾತ್ರ ಸೇರುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ಈ ಕೆಲಸವನ್ನು ರೋಗಿಯ ಕಡತವೇ ಮಾಡುತ್ತದೆ. ಒಳರೋಗಿಗಳ ದಾಖಲೆಯನ್ನು 3 ವರ್ಷ ಇಟ್ಟಿರಬೇಕೆಂದು 2002ರ ವೈದ್ಯಕೀಯ ನಡತೆಯ ನಿಯಮಗಳು ಹೇಳುತ್ತವೆ. ಹಳ್ಳಿಯ ಹೊರರೋಗಿಯ ದಾಖಲೆ ಮಾತ್ರ ಅವರ ಮನೆಯ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಚೀಟಿಗಳಲ್ಲಿರುತ್ತದೆ, ಉಳಿದದ್ದು ಡಾಕ್ಟರ ತಲೆಯಲ್ಲಿ. ಪತ್ರಕ್ಕೆ ಇಳಿಯಬೇಕಾದದ್ದು ಆ ಎರಡನೆಯ ಭಾಗ.

ಚೀಟಿಗೂ ಪತ್ರಕ್ಕೂ ವ್ಯತ್ಯಾಸವಿದೆ. ಯಾವ ಮಾತ್ರೆ, ದಿನಕ್ಕೆ ಎಷ್ಟು ಎಂಬುದು ಚೀಟಿಯಲ್ಲಿ ಸಿಗುತ್ತದೆ. ಆ ಮಾತ್ರೆ ಯಾಕೆ, ಅಷ್ಟೇ ಯಾಕೆ, ಹಿಂದೆ ಏನು ಕೊಟ್ಟು ಏನಾಯಿತು, ಎಂದು ನಿಲ್ಲಿಸಬೇಕು ಎಂಬುದು ಅಲ್ಲಿ ಇರುವುದಿಲ್ಲ. ಹೊಸಬರು ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಆದ್ದರಿಂದ ಒಳ್ಳೆಯ ಪತ್ರ ಹೆಸರುಗಳ ಅಕಾರಾದಿಯಲ್ಲಿ ಇರುವುದಿಲ್ಲ. ಒಂದು ತಿಂಗಳು ತಪ್ಪಿದರೆ ಜೀವಕ್ಕೆ ಅಪಾಯವಿರುವವರು ಮೊದಲ ಪುಟದಲ್ಲಿ ಬರುತ್ತಾರೆ. ಬಿ.ಪಿ., ಸಕ್ಕರೆ ಕಾಯಿಲೆಯವರ ಉದ್ದ ಪಟ್ಟಿ ಕೊನೆಗೆ ಬಂದರೂ ನಡೆಯುತ್ತದೆ, ಏಕೆಂದರೆ ಅವರ ಚಿಕಿತ್ಸೆ ಯಾವ ಡಾಕ್ಟರಿಗೂ ಪರಿಚಿತ. ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದರೆ ಅವರು ಮಾತ್ರ ಮುಂದೆ ಬರಬೇಕು.

ಮೊದಲ ಪುಟಕ್ಕೆ ಸೇರುವಂಥ ಒಬ್ಬ ರೋಗಿಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಆಕೆಗೆ 34 ವರ್ಷ. ಹುಡುಗಿಯಾಗಿದ್ದಾಗ ಗಂಟಲು ನೋವಿನ ಹಿಂದೆಯೇ ಜ್ವರ ಬಂದು ಕೀಲುಗಳು ಊದಿದ್ದವು. ಅದು ರುಮ್ಯಾಟಿಕ್ ಜ್ವರ: ಗಂಟಲಿನ ಸ್ಟ್ರೆಪ್ಟೊಕಾಕಸ್ ಸೋಂಕಿನ ವಿರುದ್ಧ ಎದ್ದ ದೇಹದ ಪ್ರತಿರೋಧ ಹೃದಯದ ಕವಾಟದ ಮೇಲೂ ತಿರುಗುವ ಕಾಯಿಲೆ. ವರ್ಷ ಕಳೆದಂತೆ ಆಕೆಯ ಮೈಟ್ರಲ್ ಕವಾಟ ಕಿರಿದಾಗಿ, ಕೊನೆಗೆ ಬೆಂಗಳೂರಿನಲ್ಲಿ ಲೋಹದ ಕವಾಟ ಕೂಡಿಸಿದರು. ಡಾಕ್ಟರುಗಳು ಇಂಥ ಪತ್ರ ಬರೆಯುವುದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆದರೆ ಆಕೆಯ ಪುಟ ಹೆಚ್ಚುಕಡಿಮೆ ಹೀಗಿರುತ್ತದೆ:

“ಮೈಟ್ರಲ್ ಲೋಹದ ಕವಾಟ, 5 ವರ್ಷವಾಯಿತು. ಆಪರೇಷನ್ ಸಾರಾಂಶದ ನಕಲು ಲಗತ್ತಿಸಿದೆ. ಅಸೆನೊಕುಮರಾಲ್ 2 ಮಿ.ಗ್ರಾಂ ಮತ್ತು 3 ಮಿ.ಗ್ರಾಂ ದಿನ ಬಿಟ್ಟು ದಿನ, ಸಂಜೆ. ಐ.ಎನ್.ಆರ್. 2.5ರಿಂದ 3.5ರ ನಡುವೆ ಇರಬೇಕು. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ತಾಲ್ಲೂಕಿನ ಲ್ಯಾಬಿನಲ್ಲಿ. ಬೆಂಜಾಥಿನ್ ಪೆನಿಸಿಲಿನ್ 12 ಲಕ್ಷ ಯೂನಿಟ್, 21 ದಿನಕ್ಕೊಮ್ಮೆ. ಕಳೆದ ಇಂಜೆಕ್ಷನ್ನಿನ ತಾರೀಖೂ ಮುಂದಿನದೂ ಕೆಳಗಿದೆ. ಒಮ್ಮೆ ಭೇದಿಗೆ ಬೇರೆಡೆ ಮೆಟ್ರೊನಿಡಜೋಲ್ ಕೊಟ್ಟಾಗ ಐ.ಎನ್.ಆರ್. 6 ದಾಟಿ ಒಸಡಿನಲ್ಲಿ ರಕ್ತ ಬಂತು. ಡೈಕ್ಲೊಫೆನಾಕ್ ಇಂಜೆಕ್ಷನ್ ಕೊಡಬಾರದು, ನೋವಿಗೆ ಪ್ಯಾರಾಸಿಟಮಾಲ್ ಸಾಕು. ಒಂದು ಮಗು ಇದೆ, ಇನ್ನೊಂದು ಬೇಕೆಂಬ ಮಾತು ನಡೆದಿದೆ. ಲೆಕ್ಕ ನೋಡಿಕೊಳ್ಳುವುದು ಗಂಡನಲ್ಲ, ಅತ್ತೆ.”

ಈ ಪುಟದ ಒಂದೊಂದು ಸಾಲಿಗೂ ಕಾರಣವಿದೆ. ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಅದನ್ನು ತಡೆಯಲು ಅಸೆನೊಕುಮರಾಲ್. ಐ.ಎನ್.ಆರ್. ಎಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬುದರ ಅಳತೆ. ಈ ಮಾತ್ರೆ ತೆಗೆದುಕೊಳ್ಳದವರಲ್ಲಿ ಅದು 1ರ ಆಸುಪಾಸು. ಆಕೆಯ ವರದಿಯಲ್ಲಿ 3 ಎಂದು ಕಂಡು, ಕವಾಟದ ವಿಷಯ ತಿಳಿಯದ ಯಾರಾದರೂ ಜಾಸ್ತಿಯಾಯಿತೆಂದು ಮಾತ್ರೆ ನಿಲ್ಲಿಸಿದರೆ ಕವಾಟ ಕಟ್ಟಿಕೊಳ್ಳಬಹುದು. ಅಂಥ ಕವಾಟ ಮುಚ್ಚುವ ‘ಟಿಕ್ ಟಿಕ್’ ರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದವರಿಗೂ ಕೇಳುವುದುಂಟು. ಆ ಸದ್ದು ಮಂದವಾಗಿ ಏದುಸಿರು ಶುರುವಾದರೆ ಹಳ್ಳಿಯಲ್ಲಿ ಕಾಯುವಂತಿಲ್ಲ, ಅಂದೇ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಈ ಸೂಚನೆ ಪತ್ರದಲ್ಲೂ ಇರಬೇಕು, ಅತ್ತೆಗೂ ಗೊತ್ತಿರಬೇಕು.

ಇನ್ನೊಂದು ಕಡೆಯ ಅಪಾಯ ರಕ್ತಸ್ರಾವ. ಹಳ್ಳಿ ಕ್ಲಿನಿಕ್ಕಿನಲ್ಲಿ ದಿನಬೆಳಗಾದರೆ ಬರೆಯುವ ಔಷಧಿಗಳೇ ಇಲ್ಲಿ ಕೈಕೊಡುತ್ತವೆ. ಭೇದಿಯ ಮೆಟ್ರೊನಿಡಜೋಲ್, ಮೂತ್ರದ ಸೋಂಕಿನ ಕೊಟ್ರೈಮೊಕ್ಸಜೋಲ್, ಶಿಲೀಂಧ್ರದ ಫ್ಲುಕೊನಜೋಲ್, ಇವೆಲ್ಲ ಅಸೆನೊಕುಮರಾಲಿನ ಬಲವನ್ನು ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅದನ್ನು ಇಳಿಸಿಬಿಡುತ್ತದೆ. ಸೊಪ್ಪಿನಲ್ಲಿ ವಿಟಮಿನ್ ಕೆ ಇರುವುದರಿಂದ ಊಟವೂ ಲೆಕ್ಕಕ್ಕೆ ಬರುತ್ತದೆ. ಆದರೆ ಸೊಪ್ಪು ಬಿಡಬೇಕೆಂದು ಹೇಳುವುದು ತಪ್ಪು. ಯಾವಾಗಲೂ ತಿನ್ನುವಷ್ಟೇ ತಿನ್ನುತ್ತಿದ್ದರೆ ಮಾತ್ರೆಯ ಪ್ರಮಾಣವನ್ನು ಅದಕ್ಕೆ ಹೊಂದಿಸಬಹುದು. ಏಕಾಏಕಿ ಬಿಟ್ಟರೂ ಹೆಚ್ಚಿಸಿದರೂ ಲೆಕ್ಕ ತಪ್ಪುತ್ತದೆ.

ಪೆನಿಸಿಲಿನ್ನಿನ 21 ದಿನವೂ ಸುಮ್ಮನೆ ಇಟ್ಟ ಗಡುವಲ್ಲ. ಸೊಂಟದ ಸ್ನಾಯುವಿನಲ್ಲಿ ನಿಂತ ಬೆಂಜಾಥಿನ್ ಪೆನಿಸಿಲಿನ್ ಮೆಲ್ಲಗೆ ಕರಗುತ್ತ ರಕ್ತ ಸೇರುತ್ತದೆ. ಮೂರು ವಾರ ಕಳೆದಂತೆ ಅದರ ಮಟ್ಟ ಸಾಲದಾಗುತ್ತದೆ. ತಾರೀಖು ತಪ್ಪಿದರೆ ಮೊದಲಿಂದ ಶುರುಮಾಡಬೇಕಿಲ್ಲ, ನೆನಪಾದ ದಿನವೇ ಕೊಟ್ಟು ಅಲ್ಲಿಂದ ಮುಂದೆ ಎಣಿಸಿದರೆ ಆಯಿತು. ಕವಾಟ ಬದಲಿಸಿದ ಮೇಲೆ ಇಂಜೆಕ್ಷನ್ ಯಾಕೆಂದು ರೋಗಿಗಳು ಕೇಳುವುದುಂಟು, ಕೆಲವು ಡಾಕ್ಟರುಗಳೂ ಕೇಳುತ್ತಾರೆ. ಹೊಸ ಕವಾಟ ಒಂದಕ್ಕೆ ಮಾತ್ರ, ಉಳಿದ ಕವಾಟಗಳು ಆಕೆಯವೇ. ಮತ್ತೊಮ್ಮೆ ರುಮ್ಯಾಟಿಕ್ ಜ್ವರ ಬಂದರೆ ಅವೂ ಕೆಡುತ್ತವೆ. ಕವಾಟ ಕೆಟ್ಟವರಲ್ಲಿ ಈ ಇಂಜೆಕ್ಷನ್ನು ಕಡಿಮೆಯೆಂದರೂ ಕೊನೆಯ ಜ್ವರದಿಂದ 10 ವರ್ಷ ಅಥವಾ 40ನೆಯ ವಯಸ್ಸು, ಯಾವುದು ನಂತರ ಬರುತ್ತದೋ ಅಲ್ಲಿಯವರೆಗೆ ನಡೆಯುತ್ತದೆ. ಕೆಲವರಿಗೆ ಜೀವನಪೂರ್ತಿ ಬೇಕಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಸ್ನಾಯುವಿಗೆ ಚುಚ್ಚುವುದೂ ಜೋಕೆಯ ಕೆಲಸ. ಮೊದಲು ಐ.ಎನ್.ಆರ್. ನೋಡಿಕೊಂಡು, ಚುಚ್ಚಿದ ಜಾಗವನ್ನು ಹೆಚ್ಚು ಹೊತ್ತು ಒತ್ತಿ ಹಿಡಿಯಬೇಕು. ಅಲರ್ಜಿಯ ಭಯಕ್ಕೆ ಅಡ್ರಿನಲಿನ್ ಕೈಗೆಟುಕುವಂತೆ ಇರಬೇಕು.

ಇನ್ನೊಂದು ಮಗು ಬೇಕೆಂಬ ಸಾಲು ಹೊರಗಿನವರಿಗೆ ಹರಟೆಯಂತೆ ಕಾಣಬಹುದು. ವೈದ್ಯರ ಕಣ್ಣಿಗೆ ಆ ಪುಟದಲ್ಲಿ ಅದೇ ಹೆಚ್ಚು ತುರ್ತಿನದು. ಗರ್ಭದ 6ರಿಂದ 12ನೆಯ ವಾರದ ನಡುವೆ ಈ ಗುಂಪಿನ ಮಾತ್ರೆ ಮಗುವಿನ ಮೂಗು, ಮೂಳೆಗಳ ಬೆಳವಣಿಗೆಯನ್ನು ಕೆಡಿಸಬಲ್ಲದು. ತಾನಾಗಿ ಬಿಟ್ಟರೆ ತಾಯಿಯ ಕವಾಟ ಕಟ್ಟಿಕೊಳ್ಳಬಹುದು. ಆದ್ದರಿಂದ ಮುಟ್ಟು ತಪ್ಪಿದ ವಾರದಲ್ಲೇ ಹೃದ್ರೋಗ ತಜ್ಞರ ಬಳಿ ಹೋಗಬೇಕು, ಮೂರು ತಿಂಗಳಾದ ಮೇಲೆ ತಿಳಿದರೆ ಹೊತ್ತು ಮೀರಿರುತ್ತದೆ. ಮಗುವಿನ ಯೋಚನೆ ಇದ್ದರೆ ಅದಕ್ಕೂ ಮೊದಲೇ ಹೋಗಿ ಬರುವುದು ಮೇಲು.

ಎರಡನೆಯ ಬಗೆಯ ಪುಟ, ಹಿಂದೆ ಮಾಡಿ ನೋಡಿ ಕೈಬಿಟ್ಟದ್ದನ್ನು ಹೇಳುವಂಥದ್ದು. ಫಿಟ್ಸ್ ಕಾಯಿಲೆಗೆ ರಾತ್ರಿ ಫೆನಿಟಾಯಿನ್ 300 ಮಿ.ಗ್ರಾಂ ನುಂಗುವ ಒಬ್ಬ ರೈತನಿಗೆ ಹೊಸ ಡಾಕ್ಟರ ಕಾಲದಲ್ಲಿ ಒಮ್ಮೆ ಫಿಟ್ಸ್ ಬಂತೆನ್ನಿ. ಯಾರಿಗಾದರೂ 400 ಮಾಡೋಣ ಎನಿಸುತ್ತದೆ. ಫೆನಿಟಾಯಿನ್ನಿನ ಸ್ವಭಾವ ಬೇರೆ. ಅದನ್ನು ಕರಗಿಸುವ ಯಕೃತ್ತಿನ ಶಕ್ತಿ ಒಂದು ಮಟ್ಟದಲ್ಲಿ ತುಂಬಿಹೋಗುತ್ತದೆ. ಅಲ್ಲಿಂದ ಮುಂದೆ ಮಾತ್ರೆ ಸ್ವಲ್ಪ ಏರಿಸಿದರೂ ರಕ್ತದ ಮಟ್ಟ ತೀರಾ ಮೇಲೇರುತ್ತದೆ. “ಒಮ್ಮೆ 400 ಮಾಡಿದಾಗ ತೂರಾಡತೊಡಗಿದರು, ಕಣ್ಣುಗುಡ್ಡೆ ಅದುರುತ್ತಿತ್ತು, ಊರವರು ಕುಡಿತವೆಂದುಕೊಂಡರು, ಮತ್ತೆ 300ಕ್ಕೆ ಇಳಿಸಿದೆ. ಫಿಟ್ಸ್ ಬಂದದ್ದು ಕಬ್ಬು ಕಡಿಯಲು ಹೋಗಿ ಮಾತ್ರೆ ತಪ್ಪಿಸಿದಾಗಲೇ” ಎಂದು ಪತ್ರದಲ್ಲಿದ್ದರೆ, ಹೊಸಬರು ಪ್ರಮಾಣ ಏರಿಸುವ ಮೊದಲು ಮಾತ್ರೆ ತಪ್ಪಿತ್ತೇ ಎಂದು ಕೇಳುತ್ತಾರೆ. ಆ ಎರಡು ವಾಕ್ಯವಿಲ್ಲದಿದ್ದರೆ ಹಳೆಯ ತೊಂದರೆಯೇ ಹೊಸಬರ ಕೈಯಲ್ಲಿ ಮತ್ತೊಮ್ಮೆ ನಡೆಯುತ್ತದೆ.

ವಾರದ ಹೆಸರನ್ನು ಬಿಡಿಸಿ ಬರೆಯಲೇಬೇಕಾದ ಪುಟವೂ ಒಂದಿರುತ್ತದೆ. ರುಮಟಾಯ್ಡ್ ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್ ಕೊಡುವುದು ವಾರಕ್ಕೆ ಒಂದೇ ದಿನ. 15 ಮಿ.ಗ್ರಾಂ ಎಂದರೆ 2.5ರ ಆರು ಮಾತ್ರೆ. ಅದನ್ನು ದಿನಾಲೂ ನುಂಗಿದವರ ಬಾಯಿಯಲ್ಲಿ ಹುಣ್ಣೆದ್ದು, ರಕ್ತಕಣಗಳು ಕುಸಿದು, ಜೀವ ಹೋದದ್ದುಂಟು. ಲೋಕದಲ್ಲೆಲ್ಲ ಮತ್ತೆ ಮತ್ತೆ ಆಗುತ್ತಿರುವ ತಪ್ಪು ಇದು. ಹಾಗಾಗಿ ‘ವಾರಕ್ಕೊಮ್ಮೆ’ ಎಂದಷ್ಟೇ ಬರೆದರೆ ಸಾಲದು, ‘ಭಾನುವಾರ ಮಾತ್ರ’ ಎಂದೇ ಇರಬೇಕು. ಅದರ ಜೊತೆಗಿನ ಫೋಲಿಕ್ ಆಸಿಡ್ ಬೇರೆ ದಿನಕ್ಕೆ. ಇಂಥ ರೋಗಿ ಹಲವು ವರ್ಷ ಪ್ರೆಡ್ನಿಸೊಲೋನ್ ಸಹ ನುಂಗಿದ್ದರೆ ಅದನ್ನೂ ದಪ್ಪಕ್ಷರದಲ್ಲಿ ಬರೆಯಬೇಕು. ದೇಹ ತಾನೇ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ. ಫಕ್ಕನೆ ನಿಲ್ಲಿಸಿದರೆ, ಅಥವಾ ಎರಡು ದಿನ ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಬಿ.ಪಿ. ಇಳಿದು ಎಚ್ಚರ ತಪ್ಪಬಹುದು. ಆಗ ಬರೀ ಗ್ಲೂಕೋಸ್ ಹಾಕಿದರೆ ಸಾಲದು, ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಬೇಕು.

ಪತ್ರ ಬರೆಯುವವರಿಗೆ ಖಚಿತವಿಲ್ಲದ್ದನ್ನು ಖಚಿತವಿಲ್ಲವೆಂದೇ ಬರೆಯುವುದು ವಾಡಿಕೆಯಾಗಬೇಕು. ‘ಹಾರ್ಟ್ ಪೇಷಂಟ್’ ಎಂದು ಹತ್ತು ವರ್ಷದಿಂದ ಪೆನಿಸಿಲಿನ್ ಪಡೆಯುತ್ತಿರುವ ಹುಡುಗನಿಗೆ ಒಮ್ಮೆಯೂ ಎಕೋ ಮಾಡಿಸಿಲ್ಲದಿದ್ದರೆ ಆ ಮಾತೇ ಪುಟದ ಮೊದಲ ಸಾಲು. ಇಲ್ಲವಾದರೆ ಊಹೆಯೊಂದು ಕೈಯಿಂದ ಕೈಗೆ ದಾಟಿ ರೋಗನಿರ್ಣಯದ ಗೌರವ ಪಡೆಯುತ್ತದೆ.

ಗುಟ್ಟಿನ ವಿಷಯಕ್ಕೂ ಇಲ್ಲಿ ಜಾಗವಿದೆ. ಹಳ್ಳಿಯಲ್ಲಿ ಕಂಪೌಂಡರು, ಮೆಡಿಕಲ್ ಸ್ಟೋರಿನವರು, ರೋಗಿ, ಎಲ್ಲರೂ ನೆಂಟರಾಗಿರಬಹುದು. ಎಚ್.ಐ.ವಿ., ಮಾನಸಿಕ ಕಾಯಿಲೆ, ಬಂಜೆತನದ ಚಿಕಿತ್ಸೆ ಪಡೆಯುವವರ ಪುಟಗಳು ಬೇರೆ ಲಕೋಟೆಯಲ್ಲಿ, ಹೊಸ ವೈದ್ಯರ ಕೈಗೇ ಹೋಗಬೇಕು. ಎಚ್.ಐ.ವಿ. ಸೋಂಕಿರುವವರ ಗೋಪ್ಯತೆಯನ್ನು 2017ರ ಕಾಯ್ದೆ ಕಾಪಾಡುತ್ತದೆ. ಬರೆಯುವ ಮುನ್ನ ರೋಗಿಯ ಒಪ್ಪಿಗೆ ಬರಹದಲ್ಲಿ ಪಡೆದಿಟ್ಟುಕೊಂಡರೆ ಇಬ್ಬರು ಡಾಕ್ಟರಿಗೂ ನಿರಾಳ. ಹೊಸಬರ ಬಳಿ ಹೋಗಲು ಇಷ್ಟವಿಲ್ಲದ ರೋಗಿಯೂ ಇರುತ್ತಾರೆ. ಅವರಿಗೆ ಅವರ ಪುಟವನ್ನೇ ಕೊಟ್ಟರೆ ಬೇಕಾದ ಕಡೆ ತೋರಿಸಿಕೊಳ್ಳುತ್ತಾರೆ.

ಪತ್ರ ತಲುಪಿದ ಮೇಲೆ ಉಳಿದದ್ದು ಹೊಸಬರ ಕೆಲಸ. ರೋಗಿ ಮೊದಲ ಸಲ ಬಂದಾಗ ಪುಟವನ್ನೂ, ಅವರು ತಂದ ಮಾತ್ರೆಯ ಪಟ್ಟಿಗಳನ್ನೂ ಎದುರುಬದುರು ಇಟ್ಟು ನೋಡಬೇಕು. ಬರೆದದ್ದು ಒಂದು, ನುಂಗುತ್ತಿರುವುದು ಇನ್ನೊಂದು ಆಗಿರುವುದು ಅಪರೂಪವಲ್ಲ. ತಾಳೆಯಾದವರ ಹೆಸರಿನ ಮುಂದೆ ಗುರುತು ಹಾಕುತ್ತ ಹೋದರೆ ತಿಂಗಳ ಕೊನೆಗೆ ಬಾರದವರು ಯಾರೆಂದು ತಿಳಿಯುತ್ತದೆ. ಮೊದಲ ಪುಟದವರಲ್ಲಿ ಯಾರಾದರೂ ಬಾರದಿದ್ದರೆ ತಿಂಗಳ ಕೊನೆಯವರೆಗೂ ಕಾಯದೆ, ಇಂಜೆಕ್ಷನ್ ಅಥವಾ ರಕ್ತ ಪರೀಕ್ಷೆಯ ತಾರೀಖು ದಾಟಿದ ಮರುದಿನವೇ ಮನೆಗೆ ಫೋನ್ ಮಾಡಬೇಕು. ಫೋನ್ ಸಿಗದಿದ್ದರೆ ‘ಡಾಕ್ಟರು ಬರಹೇಳಿದ್ದಾರೆ’ ಎಂದಷ್ಟನ್ನೇ ಆಶಾ ಕಾರ್ಯಕರ್ತೆಯ ಮೂಲಕ ಹೇಳಿಕಳಿಸಬಹುದು.