ನಲವತ್ತರ ಪ್ರಶ್ನೆ: ಆಯ್ಕೆ ಯಾರದು?

ರಾಜಾಜಿನಗರದ ಕಾರ್ಮಿಕ ಕುಟುಂಬದಲ್ಲಿ ಬೆಳೆದು ಇಂದು ನಲವತ್ತನ್ನು ಮುಟ್ಟಿರುವ ಎಂಜಿನಿಯರೊಬ್ಬರು, 'ಈ ವೃತ್ತಿಯನ್ನು ನಾನೇ ವರಿಸಿದೆನೆ?' ಎಂದು ಚಿಂತಿಸುವಾಗ, ಮೊದಲಿಗೆ ನೆನಪಾಗುವುದು ಮಲ್ಲೇಶ್ವರದಲ್ಲಿ ನಡೆದ ಸಿಇಟಿ ಸೀಟು ಹಂಚಿಕೆಯ ದಿನ.

ಆದರೆ ರ‍್ಯಾಂಕಿನ ಸರದಿ ಬಂದಾಗ, ಉಳಿದಿದ್ದ ಸೀಟುಗಳಲ್ಲಿ ಒಂದನ್ನು ಒಪ್ಪಿಕೊಂಡ ಆ ಕ್ಷಣಕ್ಕಿಂತ ಎರಡು ವರ್ಷ ಮೊದಲೇ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ನೋಡಿ ಹಿರಿಯರು ಪಿಯುಸಿಗೆ ವಿಜ್ಞಾನವೆಂದು ನಿಶ್ಚಯಿಸಿದಾಗಲೇ, ಮಾರ್ಗವು ನಿರ್ಣೀತವಾಗಿತ್ತು.

ಹಾಗೆಂದು ಬಾಳೆಲ್ಲವೂ ಪರಕೀಯವಾಗದು. ಅನ್ಯರು ಆರಿಸಿಕೊಟ್ಟ ಕೆಲಸವನ್ನು, ಮನೆಸಾಲ ತೀರಿ, ತ್ಯಜಿಸುವ ಸಾಮರ್ಥ್ಯವು ಬಂದ ಮೇಲೆಯೂ, ಅದರ ಗುಣವನ್ನೇ ಮೆಚ್ಚಿ ಮುಂದುವರಿಸಿದವರಿಗೆ ಅದು ಕ್ರಮೇಣ ಸ್ವಂತವಾಗುತ್ತದೆ. ಸಂಬಳವೊಂದೇ ಹಿಡಿದಿಟ್ಟಿದ್ದರೆ ಆಗುವುದಿಲ್ಲ.

ಇಷ್ಟೇ ವೇತನವು ಬೇರೊಂದು ಕೆಲಸಕ್ಕೂ ದೊರೆಯುವುದಾದರೆ ನಾಳೆಯೂ ಇದನ್ನೇ ಹಿಡಿಯುವೆನೆ ಎಂದು ಕೇಳಿಕೊಂಡು, ಬಂದ ಉತ್ತರವನ್ನು ಮನೆಯವರೆದುರು ನುಡಿಯಬಲ್ಲವರು, ಅಂದು ಮಾಡದ ಆಯ್ಕೆಯನ್ನು ಇಂದು ಮಾಡುತ್ತಿದ್ದಾರೆ.