‘ಕನಾರ್ಟಕ’ ಆಗದಿರಲಿ ಕರ್ನಾಟಕ

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಪುಣೆಯ ನಮ್ಮ ಕನ್ನಡ ಬಳಗದಲ್ಲಿ ಹಾಡುಗಳ ಕಡತಗಳು ಓಡಾಡತೊಡಗುತ್ತವೆ. ರಾಜ್ಯೋತ್ಸವಕ್ಕೆ ಸಾಹಿತ್ಯವನ್ನು ಸ್ಲೈಡ್‌ನಲ್ಲಿ ತೋರಿಸಬೇಕು, ಹಿರಿಯರ ಕೈಗೆ ಮುದ್ರಿಸಿದ ಹಾಳೆಯನ್ನೂ ಕೊಡಬೇಕು. ಹಾಡು ಬಾಯಿಪಾಠ ಇರುವವರಿಗೆ ಪರದೆಯಲ್ಲಿ ಏನಿದ್ದರೂ ನಡೆಯುತ್ತದೆ. ಆದರೆ ಶಾಲೆಯಲ್ಲಿ ಮರಾಠಿ, ಹಿಂದಿ ಕಲಿತು, ಭಾನುವಾರ ಮಾತ್ರ ಕನ್ನಡ ಓದುವ ಮಕ್ಕಳು ಪರದೆಯಲ್ಲಿ ಇದ್ದದ್ದನ್ನೇ ಹಾಡುತ್ತಾರೆ. ಅಲ್ಲಿ ‘ಧಮರ್’ ಎಂದಿದ್ದರೆ ಅವರ ಬಾಯಲ್ಲೂ ಧಮರ್ ಎಂದೇ ಬರುತ್ತದೆ.

ಅಕ್ಷರ ಒಡೆದಾಗ ಎಲ್ಲರೂ ಮೊದಲು ಬೈಯುವುದು ಫಾಂಟನ್ನು. “ಬೇರೆ ಫಾಂಟ್ ಹಾಕಿದ್ರೆ ಸರಿ ಹೋಗತ್ತಲ್ವಾ?” ಎಂದು ಬಳಗದ ಹಿರಿಯರೊಬ್ಬರು ಪ್ರತಿ ವರ್ಷವೂ ಕೇಳುತ್ತಾರೆ. ಕೆಲವೊಮ್ಮೆ ಹೋಗುತ್ತದೆ, ಹಲವು ಸಲ ಇಲ್ಲ. ಏಕೆಂದರೆ ದೋಷ ಮೂರು ಕಡೆ ಇರಬಹುದು: ಪಠ್ಯದ ಸಂಕೇತದಲ್ಲಿ, ಪಠ್ಯದೊಳಗೆ ಅಡಗಿದ ಕಾಣದ ಅಕ್ಷರದಲ್ಲಿ, ಇಲ್ಲವೇ ತೋರಿಸುವ ತಂತ್ರಾಂಶದಲ್ಲಿ. ಯಾವುದೆಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಹಾಡನ್ನು ನಕಲಿಸಿ ವಿಂಡೋಸ್‌ನ ನೋಟ್‌ಪ್ಯಾಡ್‌ಗೆ ಅಂಟಿಸಿ. ಅಲ್ಲಿ ಬಣ್ಣದ ಅಲಂಕಾರ ಉಳಿಯುವುದಿಲ್ಲ, ಪಠ್ಯವೇ ಕಾಣುತ್ತದೆ.

ನೋಟ್‌ಪ್ಯಾಡ್‌ನಲ್ಲಿ ಕನ್ನಡದ ಬದಲು PÀ£ÁðlPÀ ಎಂಬಂಥದ್ದು ಕಂಡರೆ ಅದು ಹಳೆಯ ನುಡಿ ಅಥವಾ ಬರಹ ಕಡತ. ಆ ಕಾಲದ ಫಾಂಟ್‌ಗಳು ಇಂಗ್ಲಿಷ್ ಮತ್ತಿತರ ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಇಲ್ಲಿ P ಎಂದರೆ ‘ಕ’ದ ಮೈ, À ಎಂದರೆ ಅದರ ತಲೆಕಟ್ಟು, ð ಎಂದರೆ ಅರ್ಕಾವೊತ್ತು. ಆ ಫಾಂಟ್ ಇರುವ ಯಂತ್ರದಲ್ಲಿ ಇದು ಚೆಂದದ ‘ಕರ್ನಾಟಕ’, ಇಲ್ಲದ ಕಡೆ ಬರೀ ಗೋಜಲು. ಇದಕ್ಕೆ ಫಾಂಟ್ ಹುಡುಕಿ ತರುವುದಕ್ಕಿಂತ ಪಠ್ಯವನ್ನೇ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸುವುದು ಮೇಲು.

ಆದರೆ ಪರಿವರ್ತಿಸಿದ ಮೇಲೂ ಒಂದು ಅಪಾಯ ಉಳಿಯುತ್ತದೆ. ಮೇಲಿನ ಸಾಲನ್ನು ಮತ್ತೊಮ್ಮೆ ನೋಡಿ. ನುಡಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ‘ನಾ’ ಆದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವ ಕ್ರಮ: ಮೊದಲು ‘ರ್’, ಆಮೇಲೆ ‘ನಾ’. ಒಳ್ಳೆಯ ಪರಿವರ್ತಕ ರಕಾರವನ್ನು ಒಂದು ಅಕ್ಷರದಷ್ಟು ಹಿಂದಕ್ಕೆ ಒಯ್ಯುತ್ತದೆ. ಹಾಗೆ ಮಾಡದ ಪರಿವರ್ತಕದಲ್ಲಿ ಕರ್ನಾಟಕ ಹೋಗಿ ‘ಕನಾರ್ಟಕ’ ಆಗುತ್ತದೆ, ಸೂರ್ಯ ‘ಸೂಯರ್’ ಆಗುತ್ತಾನೆ, ಕೀರ್ತಿ ‘ಕೀತಿರ್’ ಆಗುತ್ತದೆ. ಅಂತರ್ಜಾಲದ ಎಷ್ಟೋ ಪುಟಗಳಲ್ಲಿ ಕಾಣುವ ‘ಕನಾರ್ಟಕ’ದ ಮೂಲ ಇದೇ.

ಇದನ್ನು ಒಂದೇ ಆದೇಶದಲ್ಲಿ ಸರಿಪಡಿಸಲು ಬರುವುದಿಲ್ಲ. ‘ಕನಾರ್ಟಕ’ದಲ್ಲಿ ದೀರ್ಘದ ನಂತರ ‘ರ್’, ಅದರ ಮುಂದೆ ಒಂದು ವ್ಯಂಜನ ಇದೆ. ‘ಮಾರ್ಗ’ದಲ್ಲೂ ಅದೇ ರಚನೆ, ಆದರೆ ಅದು ಸರಿಯಾದ ಪದ. ಎರಡರ ವ್ಯತ್ಯಾಸ ಕನ್ನಡ ಬಲ್ಲವರಿಗೆ ಗೊತ್ತು, ಹುಡುಕು-ಬದಲಿಸು ಆದೇಶಕ್ಕೆ ಗೊತ್ತಿಲ್ಲ. ಹಾಗಾಗಿ ಹುಡುಕುವ ಪೆಟ್ಟಿಗೆಯಲ್ಲಿ ‘ರ್’ ಎಂದು ಕೊಟ್ಟು, ಸಿಕ್ಕ ಪ್ರತಿಯೊಂದು ಪದವನ್ನೂ ಗಟ್ಟಿಯಾಗಿ ಓದುತ್ತಾ ಹೋಗಬೇಕು. ಪದದ ಕೊನೆಯಲ್ಲಿ ‘ರ್’ ಇದ್ದರಂತೂ ಮೊದಲು ಅನುಮಾನಿಸಿ. ಒಂದು ಹಾಡಿಗೆ ಐದು ನಿಮಿಷ ಸಾಕು.

ಇನ್ನು ಎರಡನೆಯ ಬಗೆ. ನೋಟ್‌ಪ್ಯಾಡ್‌ನಲ್ಲಿ ಕನ್ನಡವೇ ಕಾಣುತ್ತದೆ, ಆದರೆ ಲಕ್ಷ್ಮಿ ಇದ್ದಲ್ಲಿ ‘ಲಕ್‌ಷ್ಮಿ’ ಎಂದಿದೆ. ಫಾಂಟ್ ಎಷ್ಟು ಬದಲಿಸಿದರೂ ‘ಕ್’ ಹಾಗೇ ಒಂಟಿಯಾಗಿ ನಿಂತಿರುತ್ತದೆ. ಇಲ್ಲಿ ತಪ್ಪು ಫಾಂಟಿನದ್ದಲ್ಲ. ‘ಕ್’ ಮತ್ತು ‘ಷ’ ನಡುವೆ ಅಗಲವೇ ಇಲ್ಲದ ಒಂದು ತಡೆ ಅಕ್ಷರ ಕೂತಿದೆ. ಅದರ ಯೂನಿಕೋಡ್ ಸಂಖ್ಯೆ U+200C, ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್. ಪೈಥಾನ್ ಗೊತ್ತಿರುವವರು ಅನುಮಾನ ಬಂದ ಪದವನ್ನು ಹೀಗೆ ಬಿಡಿಸಿ ನೋಡಬಹುದು:

```python
for c in "ಲಕ್‌ಷ್ಮಿ":
    print(hex(ord(c)))
```

ಉತ್ತರದ ಮೂರನೆಯ ಸಾಲು `0xccd`, ಅದು ಅರ್ಧಾಕ್ಷರದ ಚಿಹ್ನೆ. ನಾಲ್ಕನೆಯದು `0x200c`, ಅದೇ ಕಳ್ಳ. ಪೈಥಾನ್ ಬೇಡವೆನ್ನುವವರು ಲಿಬ್ರೆಆಫೀಸ್ ರೈಟರ್‌ನ ಹುಡುಕು-ಬದಲಿಸು ಕಿಟಕಿಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಆಯ್ಕೆಗೆ ಗುರುತು ಹಾಕಿ, `\u200C` ಹುಡುಕಿ, ಬದಲಿಗೆ ಏನೂ ಕೊಡದೆ ಅಳಿಸಬಹುದು. ಆದರೆ ಒಂದೊಂದನ್ನೇ ನೋಡಿ ಅಳಿಸಿ. ಇದೇ ಅಕ್ಷರ ‘ಸಾಫ್ಟ್‌ವೇರ್’ ಎಂಬ ಪದಕ್ಕೆ ಬೇಕೇ ಬೇಕು, ಇಲ್ಲದಿದ್ದರೆ ‘ವ’ ಒತ್ತಾಗಿ ಕೆಳಗಿಳಿದು ‘ಸಾಫ್ಟ್ವೇರ್’ ಆಗಿಬಿಡುತ್ತದೆ. ಭಕ್ತಿಗೀತೆಯಲ್ಲಿ ಇದರ ಅಗತ್ಯ ಅಪರೂಪ, ಇಂಗ್ಲಿಷ್ ಪದ ಬೆರೆತ ಚಿತ್ರಗೀತೆಯಲ್ಲಿ ಇರಬಹುದು.

ಹಾಡಿನ ಕಡತಗಳಲ್ಲಿ ಒತ್ತು ಒಡೆಯಲು ಇನ್ನೊಂದು ಕಾರಣ ನಮ್ಮ ಕೈಯೇ. ಸ್ವರಗಳ ಕೆಳಗೆ ಸಾಹಿತ್ಯ ಹೊಂದಿಸಲು ಪದವನ್ನು ಬಿಡಿಸಿ ಬರೆಯುತ್ತೇವೆ. ‘ಸ ರ ಸ್ ವ ತಿ’ ಎಂದು ಬಿಡಿಸಿದರೆ ‘ಸ್’ ನಂತರದ ಖಾಲಿ ಜಾಗವೇ ಒತ್ತನ್ನು ಮುರಿಯುತ್ತದೆ. ‘ಸ ರ ಸ್ವ ತಿ’ ಎಂದು ಪೂರ್ಣಾಕ್ಷರಕ್ಕೆ ಒಂದರಂತೆ ಬಿಡಿಸಬೇಕು.

ಮೂರನೆಯ ಬಗೆಯಲ್ಲಿ ನೋಟ್‌ಪ್ಯಾಡ್‌ನಲ್ಲಿ ಎಲ್ಲವೂ ಸರಿ, ಸ್ಲೈಡ್‌ನಲ್ಲೋ ಪೋಸ್ಟರ್‌ನಲ್ಲೋ ಮಾತ್ರ ಕೆಟ್ಟಿದೆ. ಆಗ ಪಠ್ಯವನ್ನು ಮುಟ್ಟಲೇಬೇಡಿ. ಎಷ್ಟೋ ಜನ ಇಲ್ಲಿ ಅಕ್ಷರಗಳನ್ನು ಹಿಂದುಮುಂದು ಮಾಡಿ ಕಣ್ಣಿಗೆ ಸರಿಯಾಗಿಸುತ್ತಾರೆ, ಅದೇ ಪಠ್ಯ ಬೇರೆಡೆ ಹೋದಾಗ ಹಾಳಾಗಿರುತ್ತದೆ. ಯೂನಿಕೋಡ್ ಪಠ್ಯದಲ್ಲಿ ಒತ್ತಕ್ಷರ ಎಂಬ ಪ್ರತ್ಯೇಕ ಅಕ್ಷರವಿಲ್ಲ. ‘ಕ್ಷ’ ಎಂದರೆ ಕ, ಅರ್ಧಾಕ್ಷರ ಚಿಹ್ನೆ, ಷ ಇಷ್ಟೇ. ಅವನ್ನು ಜೋಡಿಸಿ ಒಂದೇ ಆಕಾರ ಮಾಡುವುದು ತಂತ್ರಾಂಶ ಮತ್ತು ಫಾಂಟ್ ಸೇರಿ ಮಾಡುವ ಕೆಲಸ. ಇನ್‌ಡಿಸೈನ್‌ನಲ್ಲಿ ಈ ಜೋಡಣೆ ಆಗಲು ಪ್ಯಾರಾಗ್ರಾಫ್ ಮೆನುವಿನಲ್ಲಿ Adobe World-Ready Paragraph Composer ಆಯ್ಕೆ ಮಾಡಿರಬೇಕು. ಮುದ್ರಣಾಲಯದ ಪ್ರೂಫಿನಲ್ಲಿ ಪ್ರತಿಯೊಂದು ಒತ್ತೂ ಬಿಡಿಬಿಡಿಯಾಗಿದ್ದರೆ ಮೊದಲು ಇದನ್ನು ಕೇಳಿ.

ಪವರ್‌ಪಾಯಿಂಟ್‌ನಲ್ಲಿ ತೊಂದರೆ ಹೆಚ್ಚಾಗಿ ಕಾರ್ಯಕ್ರಮದ ದಿನ, ಸಭಾಂಗಣದ ಲ್ಯಾಪ್‌ಟಾಪ್‌ನಲ್ಲಿ ಬರುತ್ತದೆ. ನೀವು ಬಳಸಿದ ಅಲಂಕಾರದ ಫಾಂಟ್ ಅಲ್ಲಿಲ್ಲ, ಬದಲಿಗೆ ಇನ್ನೊಂದು ಬಂದು ಸಾಲು ತುಂಡಾಗುತ್ತದೆ ಅಥವಾ ಬರೀ ಚೌಕಗಳು ಕಾಣುತ್ತವೆ. ವಿಂಡೋಸ್ 8ರ ನಂತರದ ಯಂತ್ರಗಳಲ್ಲಿ ಇರುವ ನಿರ್ಮಲಾ ಯುಐ ಬಳಸಿದರೆ ಈ ತಲೆನೋವು ಕಡಿಮೆ. ಬೇರೆ ಫಾಂಟೇ ಬೇಕಿದ್ದರೆ ಉಳಿಸುವ ಆಯ್ಕೆಗಳಲ್ಲಿ Embed fonts in the file ಎಂಬುದಕ್ಕೆ ಗುರುತು ಹಾಕಿ, ಜೊತೆಗೆ ಒಂದು ಪಿಡಿಎಫ್ ಪ್ರತಿಯನ್ನೂ ಒಯ್ಯಿರಿ. ಸಾಲುಗಳ ಅಂತರವನ್ನು 1ಕ್ಕಿಂತ ಕಡಿಮೆ ಮಾಡಬೇಡಿ. ‘ಲಕ್ಷ್ಮಿ’ಯಂಥ ಪದಗಳ ಕೆಳಗಿನ ಒತ್ತು ಮುಂದಿನ ಸಾಲಿನ ಗುಡಿಸಿಗೆ ತಗುಲುತ್ತದೆ.

ಮುದ್ರಣಕ್ಕೆ ಪಿಡಿಎಫ್ ಕೊಡುವಾಗ ಅಕ್ರೋಬ್ಯಾಟ್‌ನಲ್ಲಿ `Ctrl+D` ಒತ್ತಿ, Fonts ಪಟ್ಟಿಯಲ್ಲಿ ಕನ್ನಡ ಫಾಂಟಿನ ಪಕ್ಕ Embedded Subset ಎಂದಿದೆಯೇ ನೋಡಿ. ಇದ್ದರೆ ಯಾವ ಯಂತ್ರದಲ್ಲೂ ಅಕ್ಷರ ಕೆಡುವುದಿಲ್ಲ.

ಆದರೆ ಆ ಪಿಡಿಎಫ್‌ನಿಂದ ಮುಂದಿನ ವರ್ಷ ಹಾಡನ್ನು ನಕಲಿಸಿಕೊಳ್ಳುತ್ತೇನೆ ಎಂದುಕೊಳ್ಳಬೇಡಿ. ಪಿಡಿಎಫ್ ಇಟ್ಟುಕೊಳ್ಳುವುದು ಮುಖ್ಯವಾಗಿ ಜೋಡಿಸಿ ಮುಗಿದ ಆಕಾರಗಳನ್ನು. ಅವನ್ನು ಮತ್ತೆ ಪಠ್ಯವಾಗಿ ಬಿಡಿಸುವಾಗ ಒತ್ತುಗಳು ಕಳೆದುಹೋಗುತ್ತವೆ, ಅರ್ಕಾವೊತ್ತು ಮತ್ತೆ ಜಾರುತ್ತದೆ. ಆದ್ದರಿಂದ ಓದಿ ತಿದ್ದಿದ ಹಾಡನ್ನು UTF-8 ರೂಪದ ಒಂದು ಸಾದಾ .txt ಕಡತದಲ್ಲಿ ಉಳಿಸಿಡಿ. ಸ್ಲೈಡ್, ಹಾಳೆ, ಪೋಸ್ಟರ್ ಎಲ್ಲವೂ ಅದರಿಂದಲೇ ಹುಟ್ಟಲಿ. ವಾಟ್ಸ್‌ಆ್ಯಪ್‌ನಲ್ಲಿ ಮುಂದಿನವರಿಗೆ ಕಳಿಸುವುದೂ ಅದನ್ನೇ.