ದುಡಿಯುವ ಬಂಡವಾಳ: ಜಾಸ್ತಿ ಬರೆದರೆ ಜಾಸ್ತಿ ಸಬ್ಸಿಡಿಯೇ?

ಪಿಎಂಇಜಿಪಿ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಬರೆಸುವಾಗ ನಮ್ಮ ದೇವನೂರಿನ ಕಡೆಯೂ ಒಂದು ಸಲಹೆ ಕಿವಿಗೆ ಬೀಳುತ್ತೆ: ‘ದುಡಿಯುವ ಬಂಡವಾಳ ಜಾಸ್ತಿ ತೋರಿಸಿ, ಸಬ್ಸಿಡಿ ಜಾಸ್ತಿ ಬರುತ್ತೆ.’ ನಂಬಬೇಡಿ ಅಂತೀನಿ ನಾನು.

ಈ ಯೋಜನೆಯ ವೆಚ್ಚದಲ್ಲಿ ಒಂದು ಸುತ್ತಿನ ದುಡಿಯುವ ಬಂಡವಾಳಕ್ಕಷ್ಟೇ ಜಾಗ. ಸುತ್ತು ಅಂದರೆ, ಹಾಕಿದ ಹಣ ಮಾರಾಟವಾಗಿ ಕೈಗೆ ವಾಪಸ್ ಬರುವವರೆಗಿನ ದಿನಗಳು. ಬಾಳೆಕಾಯಿ ಚಿಪ್ಸ್ ಘಟಕ ಅಂತಿಟ್ಟುಕೊಳ್ಳಿ. ಕಾಯಿ, ಎಣ್ಣೆಯ ದಾಸ್ತಾನು 3 ದಿನ, ತಯಾರಾದ ಪ್ಯಾಕೆಟ್ ಕೂರೋದು 7 ದಿನ, ಅಂಗಡಿಯವರಿಗೆ ಕೊಡುವ ಉದ್ರಿ 20 ದಿನ. ಒಟ್ಟು 30 ದಿನ. ಕಾಯಿ, ಎಣ್ಣೆ, ಗ್ಯಾಸ್, ಕೂಲಿ, ಸಾಗಣೆ ಸೇರಿ ದಿನದ ಖರ್ಚು 4,000 ರೂಪಾಯಿ ಆದರೆ ಬೇಕಾದದ್ದು 1,20,000. ನಿಮಗೇ ಎಣ್ಣೆ ಉದ್ರಿ ಸಿಕ್ಕರೆ ಇನ್ನೂ ಕಡಿಮೆ ಸಾಕು.

ಇದರ ಬದಲು 3 ಲಕ್ಷದ ಕ್ಯಾಶ್ ಕ್ರೆಡಿಟ್ ಮಿತಿ ಮಾಡಿಸಿಕೊಂಡರೆ? ಸಬ್ಸಿಡಿ ಲಾಕ್ ಆಗಿರುವ 3 ವರ್ಷದಲ್ಲಿ ಆ ಮಿತಿಯನ್ನು ಒಮ್ಮೆಯಾದರೂ ಪೂರ್ತಿ ಬಳಸಿರಬೇಕು. ಸರಾಸರಿ ಬಳಕೆ ಶೇ 75, ಅಂದರೆ 2,25,000 ರೂಪಾಯಿಗಿಂತ ಕೆಳಗಿಳಿಯಬಾರದು. ಇಳಿದರೆ ಆ ಪ್ರಮಾಣದ ಸಬ್ಸಿಡಿ ವಾಪಸ್ ಹೋಗುತ್ತೆ. ಉಳಿಸಿಕೊಳ್ಳೋಕೆ ಬೇಡದ ಹಣ ಎತ್ತಿದರೆ ಬಡ್ಡಿ ನಿಮ್ಮದೇ.

ಹಾಗಾಗಿ ರಿಪೋರ್ಟಿನಲ್ಲಿ ದಿನಗಳ ಲೆಕ್ಕ ಇಲ್ಲದೆ ಬರೀ ಮೊತ್ತ ಇದ್ದರೆ ಸಹಿ ಹಾಕಬೇಡಿ.